ಜಾಹೀರಾತಿನ ಕೆಳಗೊಂದು ದೂರು

ಶಿರಸಿ ಕಡೆಯ ಒಬ್ಬ ಗೃಹಿಣಿ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಫೇಸ್‌ಬುಕ್ ಮೂಲಕ ಮಾರುತ್ತಾರೆ ಎಂದಿಟ್ಟುಕೊಳ್ಳಿ. ಹೊಸ ಮಿಡಿ ಬಂದಿದೆ, ಒಳ್ಳೆಯ ಫೋಟೋ ಹಾಕಿದ್ದಾರೆ, ಹೆಚ್ಚು ಜನರಿಗೆ ತಲುಪಲೆಂದು ದುಡ್ಡು ಕೊಟ್ಟು ಬೂಸ್ಟ್ ಕೂಡ ಮಾಡಿಸಿದ್ದಾರೆ. ಸಂಜೆಯ ಹೊತ್ತಿಗೆ ಅದರ ಕೆಳಗೊಂದು ಕಾಮೆಂಟ್: ‘ಕಳೆದ ವಾರ ತರಿಸಿದ್ದೆ. ಮುಚ್ಚಳ ತೆಗೆದರೆ ಮೇಲೆಲ್ಲ ಬೂಷ್ಟು. ದುಡ್ಡು ದಂಡ. ಯಾರೂ ತಗೋಬೇಡಿ.’

ಅಳಿಸಿಬಿಡಲು ಕೈ ತುರಿಸುತ್ತದೆ. ಬೆರಳ ತುದಿಯ ಕೆಲಸ. ಆದರೆ ಅಳಿಸಿದರೆ ಕಾಮೆಂಟ್ ಹೋಗುತ್ತದೆಯೇ ಹೊರತು ಬೂಷ್ಟು ಬಂದ ಬಾಟಲಿ ಆ ಗ್ರಾಹಕರ ಮನೆಯಲ್ಲೇ ಇರುತ್ತದೆ, ಅದರ ಫೋಟೋ ಅವರ ಫೋನಿನಲ್ಲಿರುತ್ತದೆ. ಅವರು ಮತ್ತೆ ಬರೆಯುತ್ತಾರೆ, ಈ ಸಲ ‘ನನ್ನ ಕಾಮೆಂಟ್ ಅಳಿಸಿದ್ದಾರೆ’ ಎಂಬ ಎರಡನೆಯ ದೂರನ್ನೂ ಸೇರಿಸಿ. ಮೊದಲನೆಯದಕ್ಕೆ ಸಮಾಧಾನ ಹೇಳಬಹುದಿತ್ತು, ಎರಡನೆಯದಕ್ಕೆ ಹೇಳಲು ಏನೂ ಉಳಿದಿರುವುದಿಲ್ಲ. ಫೇಸ್‌ಬುಕ್‌ನಲ್ಲಿ ಕಾಮೆಂಟನ್ನು ಮರೆಮಾಡುವ ಸೌಲಭ್ಯವಿದೆ ನಿಜ. ಆದರೂ ಅದು ಬರೆದವರಿಗೂ ಅವರ ಸ್ನೇಹಿತರಿಗೂ ಕಾಣುತ್ತಲೇ ಇರುತ್ತದೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2010ರ ಮಾರ್ಚ್‌ನಲ್ಲಿ ಗ್ರೀನ್‌ಪೀಸ್ ಸಂಸ್ಥೆ ಕಿಟ್‌ಕ್ಯಾಟ್‌ಗೆ ಬಳಸುವ ತಾಳೆ ಎಣ್ಣೆಗಾಗಿ ಇಂಡೋನೇಷ್ಯಾದ ಕಾಡು ನಾಶವಾಗುತ್ತಿದೆ ಎಂದು ಪ್ರಚಾರ ಶುರುಮಾಡಿತು. ಜನ ನೆಸ್ಲೆಯ ಲೋಗೋವನ್ನು ತಿರುಚಿ ತಮ್ಮ ಪ್ರೊಫೈಲ್ ಚಿತ್ರ ಮಾಡಿಕೊಂಡು ಕಂಪನಿಯ ಫೇಸ್‌ಬುಕ್ ಪುಟಕ್ಕೆ ಬಂದರು. ಅಂಥ ಚಿತ್ರ ಇಟ್ಟುಕೊಂಡವರ ಕಾಮೆಂಟ್ ಅಳಿಸುತ್ತೇವೆ ಎಂದು ಪುಟ ನೋಡಿಕೊಳ್ಳುತ್ತಿದ್ದವರು ಬರೆದರು, ಕೆಲವರಿಗೆ ಕೊಂಕು ಉತ್ತರವನ್ನೂ ಕೊಟ್ಟರು. ಸಿಟ್ಟು ಇಮ್ಮಡಿಯಾಯಿತು. ಕೊನೆಗೆ ಅದೇ ಪುಟದಲ್ಲಿ ಕ್ಷಮೆ ಕೇಳಬೇಕಾಯಿತು. ತಾಳೆ ಎಣ್ಣೆಯ ಪ್ರಶ್ನೆಯ ಜೊತೆಗೆ ಕಂಪನಿಯ ನಡವಳಿಕೆಯೂ ಸುದ್ದಿಯಾಗಿತ್ತು.

ನಮ್ಮ ಉಪ್ಪಿನಕಾಯಿಗೆ ಬರೋಣ. ಉತ್ತರ ಟೈಪ್ ಮಾಡುವ ಮೊದಲು ಆರ್ಡರ್ ಪುಸ್ತಕ ನೋಡಬೇಕು. ಆ ಹೆಸರಿನವರಿಗೆ ಯಾವ ದಿನ ಕಳಿಸಿದ್ದು, ಯಾವ ಭರಣಿಯಿಂದ ತುಂಬಿದ್ದು, ಅದೇ ಭರಣಿಯದು ಇನ್ನೆಷ್ಟು ಜನರಿಗೆ ಹೋಗಿದೆ? ಮನೆಯಲ್ಲಿ ಉಳಿದ ಬಾಟಲಿಗಳನ್ನೂ ತೆರೆದು ನೋಡಬೇಕು. ಮಿಡಿ ಎಣ್ಣೆಯಿಂದಲೋ ಉಪ್ಪುನೀರಿನಿಂದಲೋ ಮೇಲೆ ಎದ್ದು ಗಾಳಿಗೆ ತಾಗುತ್ತಿದ್ದರೆ, ಬಾಟಲಿಯಲ್ಲಿ ತೇವ ಉಳಿದಿದ್ದರೆ ಬೂಷ್ಟು ಬರುತ್ತದೆ. ಬೇರೆ ಬಾಟಲಿಯಲ್ಲೂ ಅದು ಕಂಡರೆ ಮೊದಲು ಜಾಹೀರಾತು ನಿಲ್ಲಿಸಬೇಕು, ಆ ಭರಣಿಯದು ಹೋದವರಿಗೆಲ್ಲ ಫೋನ್ ಮಾಡಬೇಕು. ಕಾಮೆಂಟ್ ಬರೆದವರು ಆಗ ಮಾರುವವರಿಗೆ ಉಪಕಾರವನ್ನೇ ಮಾಡಿರುತ್ತಾರೆ.

ಆಮೇಲೆ ಉತ್ತರ. ‘ನಮ್ಮ ಉಳಿದ ಗ್ರಾಹಕರಿಗೆ ಆಗದ್ದು ನಿಮಗೊಬ್ಬರಿಗೆ ಹೇಗಾಯಿತು? ಒದ್ದೆ ಚಮಚ ಹಾಕಿರಬೇಕು’ ಎಂಬ ಮಾತು ಮನಸ್ಸಿಗೆ ಬೇಗ ಬರುತ್ತದೆ. ಅದು ನಿಜವೇ ಆಗಿದ್ದರೂ ಓದುವವರಿಗೆ ಮಾತ್ರ ಜಗಳಗಂಟಿಯ ದನಿಯಾಗಿ ಕೇಳುತ್ತದೆ. ಅದರ ಬದಲು ಹೀಗೆ ಬರೆಯಬಹುದು: ‘ನಮಸ್ಕಾರ. ಬೂಷ್ಟು ಬಂದ ಉಪ್ಪಿನಕಾಯಿ ನಿಮ್ಮ ಮನೆಗೆ ಬಂದಿದ್ದಕ್ಕೆ ಬೇಸರವಾಗಿದೆ, ಕ್ಷಮಿಸಿ. ದಯವಿಟ್ಟು ಅದನ್ನು ತಿನ್ನಬೇಡಿ. ಬಾಟಲಿಯ ಫೋಟೋ ಮತ್ತು ತರಿಸಿದ ಹೆಸರನ್ನು ನಮಗೆ ಮೆಸೇಜ್ ಮಾಡಿ. ನಾಳೆ ಸಂಜೆಯೊಳಗೆ ದುಡ್ಡು ವಾಪಸ್ ಹಾಕುತ್ತೇವೆ, ಬೇರೆ ಬಾಟಲಿ ಬೇಕಿದ್ದರೆ ಕಳಿಸುತ್ತೇವೆ. ಅದೇ ಭರಣಿಯ ಉಳಿದ ಬಾಟಲಿಗಳನ್ನೂ ತೆರೆದು ನೋಡುತ್ತಿದ್ದೇವೆ.’

ಇದರಲ್ಲಿ ವಾದವಿಲ್ಲ, ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂಬ ಒಣಮಾತೂ ಇಲ್ಲ. ಅವರು ಹೇಳಿದ ಬೂಷ್ಟನ್ನೇ ಹೆಸರಿಸಿ, ಏನು ಮಾಡುತ್ತೇವೆ, ಯಾವಾಗ ಮಾಡುತ್ತೇವೆ ಎಂದು ಹೇಳಿದೆ. ವಿಳಾಸ, ಫೋನ್ ನಂಬರು ಬಹಿರಂಗವಾಗಿ ಕೇಳಿಲ್ಲ. ಆರ್ಡರ್ ಮಾಡಲೋ ಬೇಡವೋ ಎಂದು ಸುಮ್ಮನೆ ಓದುತ್ತಿರುವ ಎಷ್ಟೋ ಜನರಿಗೆ ಈ ಉತ್ತರ ಬೇಕು. ದೂರು ಅಲ್ಲಿ ಇದ್ದರೆ ತಾನೇ ಉತ್ತರವೂ ಅಲ್ಲಿ ಇರುವುದು? ದುಡ್ಡು ವಾಪಸಾದ ಮೇಲೆ ಅದೇ ಕಾಮೆಂಟಿನ ಕೆಳಗೆ ‘ಇವತ್ತು ಹಾಕಿದ್ದೇವೆ’ ಎಂದು ಒಂದು ಸಾಲು ಸೇರಿಸಿದರೆ ಸಾಕು. ಕಾಮೆಂಟ್ ತೆಗೆದರೆ ಮಾತ್ರ ದುಡ್ಡು ಎಂಬ ಷರತ್ತು ಖಂಡಿತ ಬೇಡ. ಆ ಮೆಸೇಜೇ ನಾಳೆ ಸ್ಕ್ರೀನ್‌ಶಾಟ್ ಆಗಿ ತಿರುಗಾಡುತ್ತದೆ.

ಆರ್ಡರ್ ಪುಸ್ತಕದಲ್ಲಿ ಅಂಥ ಹೆಸರೇ ಇಲ್ಲದಿದ್ದರೂ ‘ಸುಳ್ಳು’ ಎನ್ನಬಾರದು. ಮಗಳ ಹೆಸರಿನಲ್ಲಿ ತರಿಸಿರಬಹುದು, ಅಂಗಡಿಯಲ್ಲಿ ಕೊಂಡಿರಬಹುದು. ‘ಈ ಹೆಸರಿನಲ್ಲಿ ಆರ್ಡರ್ ಸಿಗುತ್ತಿಲ್ಲ, ಬೇರೆ ಹೆಸರಿನಲ್ಲಿ ತರಿಸಿದ್ದರೆ ತಿಳಿಸಿ’ ಎಂದರೆ, ನಿಜವಾದ ಗ್ರಾಹಕರು ತಿಳಿಸುತ್ತಾರೆ. ಅಲ್ಲದವರು ಸುಮ್ಮನಾಗುವುದೇ ಹೆಚ್ಚು. ಜಾತಿನಿಂದನೆ, ಅಶ್ಲೀಲ ಬೈಗುಳ, ಮೋಸದ ಲಿಂಕ್, ಬೇರೆಯವರ ಫೋನ್ ನಂಬರ್ ಇದ್ದರೆ ಅಳಿಸಲೇಬೇಕು. ಕಹಿ ಮಾತು ಆ ಸಾಲಿಗೆ ಸೇರುವುದಿಲ್ಲ.

ಮನೆಯವರನ್ನೂ ಸ್ವಲ್ಪ ತಡೆಯಬೇಕು. ತಮ್ಮ, ನಾದಿನಿ, ಊರಿನ ಗೆಳೆಯರೆಲ್ಲ ಅಭಿಮಾನದಿಂದ ಬಂದು ‘ನಿಮಗೆ ರುಚಿಯೇ ಗೊತ್ತಿಲ್ಲ’ ಎಂದು ಮುಗಿಬಿದ್ದರೆ, ಒಬ್ಬ ಗ್ರಾಹಕರ ಮೇಲೆ ಗುಂಪು ಬಿದ್ದಂತೆ ಕಾಣುತ್ತದೆ. ಅವರು ಮತ್ತೆ ಸಿಟ್ಟಿನಲ್ಲಿ ಬರೆದರೆ ಇನ್ನೊಮ್ಮೆ ಅದೇ ವಿನಯದಿಂದ ಮೆಸೇಜ್ ಮಾಡಲು ಕೇಳಿ, ಮೂರನೆಯ ಸಲ ಬರೆಯದೆ ನಿಲ್ಲಿಸಬೇಕು.