ನ್ಯಾಸ್‌ಗೆ ಎಸ್‌ಎಸ್‌ಡಿ ಕ್ಯಾಶ್: ಯಾವಾಗ ಬೇಕು, ಯಾವಾಗ ಬೇಡ?

ಊರಿನ ಮದುವೆ ವಿಡಿಯೋ, ಮಕ್ಕಳ ಫೋಟೋ ಎಲ್ಲವನ್ನೂ ನ್ಯಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡವರು ನಮ್ಮಲ್ಲಿ ಬಹಳ ಮಂದಿ. ಅದು ನಿಧಾನ ಅನಿಸಿದಾಗ "ಎಸ್‌ಎಸ್‌ಡಿ ಕ್ಯಾಶ್ ಹಾಕಿಬಿಡೋಣವೇ?" ಎಂಬ ಪ್ರಶ್ನೆ ಬರುತ್ತದೆ. ಹಣ ಹಾಕುವ ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ.

ನಿಮ್ಮ ಬಳಿ 40 ಜಿಬಿಯ ಮದುವೆ ವಿಡಿಯೋ ಇದೆ ಎಂದುಕೊಳ್ಳಿ. ಮನೆಯ ಒಂದು ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಮಾತ್ರ ಹರಿಯುತ್ತದೆ. ಅಂದರೆ ಅದನ್ನು ಕಾಪಿ ಮಾಡಲು ಆರು ನಿಮಿಷ ಬೇಕು. ಇಂಥ ಉದ್ದನೆಯ ಫೈಲನ್ನು ಒಂದೇ ಸಮನೆ ಓದುವಾಗ ಇಂದಿನ ಸಾಮಾನ್ಯ ಹಾರ್ಡ್‌ಡಿಸ್ಕ್ ಒಂದೇ ಇದಕ್ಕಿಂತ ವೇಗವಾಗಿ ಕೊಡಬಲ್ಲದು. ತಡವಾಗುತ್ತಿರುವುದು ಕೇಬಲ್‌ನಲ್ಲಿ. ಕ್ಯಾಶ್ ಹಾಕಿದರೂ ಅದೇ ಆರು ನಿಮಿಷ.

ಈಗ ಫೋಟೋ ಆಲ್ಬಮ್ ತೆಗೆಯಿರಿ. ಮೂರು ಸಾವಿರ ಪುಟ್ಟ ಚಿತ್ರಗಳು ಡಿಸ್ಕಿನ ಮೂಲೆಮೂಲೆಯಲ್ಲಿ ಚದುರಿರುತ್ತವೆ. ಹಾರ್ಡ್‌ಡಿಸ್ಕಿನ ಮುಳ್ಳು ಸೆಕೆಂಡಿಗೆ ಸುಮಾರು ನೂರು ಕಡೆಗಷ್ಟೇ ಓಡಾಡಬಲ್ಲದು, ಹಾಗಾಗಿ ಅರ್ಧ ನಿಮಿಷ ಕಾಯಬೇಕು. ಎಸ್‌ಎಸ್‌ಡಿಗೆ ಮುಳ್ಳೇ ಇಲ್ಲ. ಅದೇ ಚಿತ್ರಗಳನ್ನು ಎರಡನೇ ಸಲ ಕೇಳಿದಾಗ ಕ್ಷಣದಲ್ಲಿ ಕೊಡುತ್ತದೆ. ಚಿಕ್ಕ ಚಿಕ್ಕ ಓದು, ಅದೂ ಮತ್ತೆ ಮತ್ತೆ: ಕ್ಯಾಶ್ ಉಪಯೋಗಕ್ಕೆ ಬರುವುದು ಇಲ್ಲಿ. ಡೇಟಾಬೇಸ್, ವರ್ಚುವಲ್ ಮಷೀನ್ ನಡೆಸುವವರಿಗೂ ಇದೇ ಮಾತು. ಒಮ್ಮೆ ನೋಡಿ ಬಿಡುವ ಸಿನಿಮಾಗೆ ಅಲ್ಲ.

ಅಪಾಯ ಎಲ್ಲಿದೆ? ಓದುವುದಕ್ಕೆ ಮಾತ್ರ ಇರುವ ಕ್ಯಾಶ್‌ನಲ್ಲಿ ಇರುವುದು ನಕಲು. ಎಸ್‌ಎಸ್‌ಡಿ ಸತ್ತರೆ ವೇಗ ಹೋಗುತ್ತದೆ, ಫೋಟೋ ಉಳಿಯುತ್ತದೆ. ಓದು-ಬರಹ ಎರಡಕ್ಕೂ ಇಟ್ಟ ಕ್ಯಾಶ್‌ನ ಕಥೆಯೇ ಬೇರೆ. "ಬರೆದಾಯಿತು" ಎಂದು ನ್ಯಾಸ್ ಹೇಳಿದಾಗ ಆ ಮಾಹಿತಿ ಇನ್ನೂ ಎಸ್‌ಎಸ್‌ಡಿಯಲ್ಲೇ ಇರಬಹುದು. ಅದು ಆಗ ಕೆಟ್ಟರೆ ಕೊನೆಯ ಫೈಲಷ್ಟೇ ಅಲ್ಲ, ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯೇ ಅರ್ಧಂಬರ್ಧವಾಗಿ ಇಡೀ ವಾಲ್ಯೂಮ್ ತೆರೆಯದೇ ಹೋಗಬಹುದು. ಹಾರ್ಡ್‌ಡಿಸ್ಕ್‌ಗಳ ರೇಡ್ ಇದನ್ನು ತಡೆಯದು.

ಅದಕ್ಕೇ ಬರಹದ ಕ್ಯಾಶ್‌ಗೆ ಜೋಡಿ ಎಸ್‌ಎಸ್‌ಡಿ ಬೇಕು. ಆದರೆ ಒಂದೇ ದಿನ ಕೊಂಡ ಒಂದೇ ಮಾದರಿಯ ಜೋಡಿ, ಒಂದೇ ಬರಹ ಹೊತ್ತು, ಹೆಚ್ಚುಕಡಿಮೆ ಒಟ್ಟಿಗೇ ಸವೆಯುತ್ತದೆ. ಹಾಗಾಗಿ ಬೇರೆ ಬೇರೆ ಮಾದರಿ ಹಾಕಿ, ಯುಪಿಎಸ್ ಇಡಿ, ಬೇರೆಡೆ ಬ್ಯಾಕಪ್ ಇರಲಿ. ತೆಗೆಯುವಾಗ ಮೊದಲು ಸೆಟ್ಟಿಂಗ್‌ನಲ್ಲಿ ಕ್ಯಾಶ್ ನಿಲ್ಲಿಸಿ, ಅದು ಪೂರ್ತಿ ಖಾಲಿಯಾಗುವವರೆಗೆ ಕಾಯಿರಿ. ಸುಮ್ಮನೆ ಕಿತ್ತರೆ ಕೆಟ್ಟಂತೆಯೇ ಲೆಕ್ಕ.

ಈಗಾಗಲೇ ಹಾಕಿದ್ದೀರಾ? ಒಂದು ವಾರ ಬಳಸಿ, ಹಿಟ್ ರೇಟ್ ನೋಡಿ. ಹತ್ತು ಓದಿನಲ್ಲಿ ಎಂಟೊಂಬತ್ತು ಕ್ಯಾಶ್‌ನಿಂದಲೇ ಬರುತ್ತಿದ್ದರೆ ಇಟ್ಟುಕೊಳ್ಳಿ. ಎರಡು ಮೂರೇ ಆದರೆ ಅದನ್ನು ಬಿಡಿಸಿ, ನ್ಯಾಸ್ ಒಪ್ಪುವುದಾದರೆ ಆ ಎಸ್‌ಎಸ್‌ಡಿಯನ್ನೇ ಬೇರೆ ವಾಲ್ಯೂಮ್ ಮಾಡಿ ಫೋಟೋ ಆ್ಯಪನ್ನು ಅಲ್ಲಿಗೆ ಸಾಗಿಸಿ. ವಿಡಿಯೋ ಹಾರ್ಡ್‌ಡಿಸ್ಕಿನಲ್ಲೇ ನೆಮ್ಮದಿಯಾಗಿರಲಿ.