ಎಲೆ ಹಗಲಲ್ಲೂ ಉಸಿರಾಡುತ್ತದೆ

‘ಮಧ್ಯಾಹ್ನ ದಾಸವಾಳದ ಎಲೆಯಲ್ಲಿ ಯಾವ ಕ್ರಿಯೆ ನಡೆಯುತ್ತದೆ?’ ವರ್ಕ್‌ಶೀಟಿನ ಈ ಪ್ರಶ್ನೆಗೆ ಮಕ್ಕಳು ‘ದ್ಯುತಿಸಂಶ್ಲೇಷಣೆ’ ಎಂದಷ್ಟೇ ಬರೆದು ಅರ್ಧ ಅಂಕ ಕಳೆದುಕೊಳ್ಳುತ್ತಾರೆ. ಉಸಿರಾಟವೂ ಆಗಲೇ ನಡೆಯುತ್ತಿರುತ್ತದೆ.

ಕ್ಲೋರೋಪ್ಲಾಸ್ಟ್ ನೀರು, ಕಾರ್ಬನ್ ಡೈಆಕ್ಸೈಡ್ ತೆಗೆದುಕೊಂಡು, ಬೆಳಕಿನ ಬಲದಿಂದ ಸಕ್ಕರೆ ಮಾಡುತ್ತದೆ, ಆಮ್ಲಜನಕ ಹೊರಬೀಳುತ್ತದೆ. ಉಸಿರಾಟದಲ್ಲಿ ಲೆಕ್ಕ ತಿರುಗುಮುರುಗು. ಸಕ್ಕರೆ ಮೊದಲು ಕೋಶರಸದಲ್ಲಿ ಒಡೆಯುತ್ತದೆ. ಮೈಟೊಕಾಂಡ್ರಿಯ ಆಮ್ಲಜನಕ ಬಳಸಿ ಉಳಿದ ಕೆಲಸ ಮುಗಿಸುತ್ತದೆ. ಕಾರ್ಬನ್ ಡೈಆಕ್ಸೈಡ್, ನೀರು ಉಳಿಯುತ್ತವೆ, ಶಕ್ತಿ ಎಟಿಪಿಯಾಗಿ ಸಿಗುತ್ತದೆ.

ಬಿಸಿಲಲ್ಲಿ ಮೊದಲನೆಯದರ ವೇಗ ಹೆಚ್ಚು; ಹಾಗಾಗಿ ಹೊರಗೆ ಆಮ್ಲಜನಕವೇ ಕಾಣುತ್ತದೆ, ಉಸಿರಾಟ ಮರೆಯಾಗುತ್ತದೆ. ಅನುಮಾನವಿದ್ದರೆ ಬೇರನ್ನು ನೆನೆಯಿರಿ: ಮಣ್ಣಿನ ಕತ್ತಲಲ್ಲಿ ಕ್ಲೋರೋಪ್ಲಾಸ್ಟ್ ಇಲ್ಲ, ಮೈಟೊಕಾಂಡ್ರಿಯ ಇದೆ. ಕುಂಡದಲ್ಲಿ ನೀರು ನಿಂತರೆ ಆಮ್ಲಜನಕ ಸಾಲದೆ ಬೇರು ಸಾಯುವುದೂ ಇದಕ್ಕೇ.