ನ್ಯೂಟನ್ ಉಂಗುರಗಳು: ನಡುವಿನ ಚುಕ್ಕೆ ಕಪ್ಪಾಗದಿದ್ದರೆ?

ಕಾರವಾರದಿಂದ ಅಂಕೋಲೆಯತ್ತ ಹೊರಟರೆ ದಾರಿಯಲ್ಲಿ ಚೆಂಡಿಯಾ ಸಿಗುತ್ತದೆ. ಮಳೆಗಾಲದಲ್ಲಿ ಇಲ್ಲಿನ ರಸ್ತೆಬದಿಯ ನೀರಿನ ಮೇಲೆ ಡೀಸೆಲಿನ ಒಂದು ಹನಿ ಬಿದ್ದರೆ ಬಣ್ಣಬಣ್ಣದ ಪಟ್ಟೆಗಳು ಹರಡುವುದನ್ನು ನೀವು ನೋಡಿರಬಹುದು. ಆ ಬಣ್ಣ ಡೀಸೆಲಿನದಲ್ಲ. ತೆಳುವಾದ ಪೊರೆಯ ಮೇಲ್ಮೈ ಮತ್ತು ತಳ, ಎರಡರಿಂದಲೂ ಮರಳಿದ ಬೆಳಕಿನ ಅಲೆಗಳು ಒಂದರೊಡನೊಂದು ಸೇರಿದಾಗ ಹುಟ್ಟಿದ್ದು. ಇದೇ ವ್ಯತಿಕರಣ.

ಪೊರೆಯ ದಪ್ಪ ಎಲ್ಲಿ ಎಷ್ಟಿದೆ ಎಂದು ತಿಳಿದಿದ್ದರೆ ಅದರಿಂದ ಬೆಳಕಿನ ತರಂಗದೂರವನ್ನೇ ಅಳೆಯಬಹುದು. ಸಮತಟ್ಟಾದ ಗಾಜಿನ ಮೇಲೆ ಪೀನ ಮಸೂರವನ್ನಿಟ್ಟಾಗ ನಡುವೆ ಉಳಿಯುವ ಗಾಳಿಯೇ ಅಂಥ ಪೊರೆ. ಮುಟ್ಟಿದ ಬಿಂದುವಿನಲ್ಲಿ ಅದರ ದಪ್ಪ ಸೊನ್ನೆ. ಹೊರಕ್ಕೆ ಹೋದಂತೆ ಹೆಚ್ಚುತ್ತದೆ. ಒಂದೇ ದಪ್ಪವಿರುವ ಜಾಗಗಳೆಲ್ಲ ವೃತ್ತದ ಮೇಲಿರುವುದರಿಂದ ಪಟ್ಟೆಗಳು ಉಂಗುರಗಳಾಗುತ್ತವೆ. ನ್ಯೂಟನ್ ಇವನ್ನು ಅಳೆದು, 1704ರಲ್ಲಿ ಪ್ರಕಟವಾದ 'ಆಪ್ಟಿಕ್ಸ್' ಗ್ರಂಥದಲ್ಲಿ ವಿವರಿಸಿದನು.

ನಡುವಿನ ಚುಕ್ಕೆ ಕಪ್ಪಾಗಿರಬೇಕು. ಗಾಳಿಯಲ್ಲಿ ಬಂದ ಬೆಳಕು ಕೆಳಗಿನ ಗಾಜಿಗೆ ಬಡಿದು ಹಿಂದಿರುಗುವಾಗ ಅಲೆಯ ಉಬ್ಬು ತಗ್ಗಾಗುತ್ತದೆ. ಮಸೂರದ ತಳದಿಂದ ಮರಳುವ ಅಲೆಗೆ ಹೀಗಾಗುವುದಿಲ್ಲ. ಹೀಗಾಗಿ ದಪ್ಪ ಸೊನ್ನೆಯಿರುವಲ್ಲಿ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. n ನೆಯ ಕಪ್ಪು ಉಂಗುರದ ವ್ಯಾಸ D, ಮಸೂರದ ವಕ್ರತಾ ತ್ರಿಜ್ಯ R, ತರಂಗದೂರ λ ಆದರೆ

D² = 4nRλ

ಸುಲಭ ಸೂತ್ರ. ಆದರೆ ನಾನು ಬಿ.ಎಸ್ಸಿ. ಓದುವಾಗ ಒಂದು ಮಳೆಗಾಲದ ದಿನ ನನ್ನ ಸೂಕ್ಷ್ಮದರ್ಶಕದಲ್ಲಿ ನಡುವಿನ ಚುಕ್ಕೆ ಕಪ್ಪಾಗಿರಲಿಲ್ಲ, ಹೊಳೆಯುತ್ತಿತ್ತು. ಒಂದು ಉಂಗುರವನ್ನು ಅಳೆದು ಸೂತ್ರಕ್ಕೆ ಹಾಕಿದೆ. ಸೋಡಿಯಂ ದೀಪಕ್ಕೆ ಬರಬೇಕಾದ 5893 ಆಂಗ್‌ಸ್ಟ್ರಾಮ್ ಬರಲಿಲ್ಲ. ಹೆದರಿ, ಉತ್ತರಕ್ಕೆ ಹೊಂದುವಂತೆ ಅಳತೆಯನ್ನೇ ತಿದ್ದಿ ಬರೆದೆ. ತಿದ್ದುವ ಅಗತ್ಯವೇ ಇರಲಿಲ್ಲವೆಂದು ಆಮೇಲೆ ತಿಳಿಯಿತು.

ಕಾರಣ ಧೂಳು. ಮಸೂರದಡಿಯಲ್ಲಿ ಸಿಕ್ಕ ಒಂದು ಕಣ ಅದನ್ನು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಎತ್ತಿದೆ ಎಂದಿಟ್ಟುಕೊಳ್ಳೋಣ. R 1000 ಮಿ.ಮೀ. ಇದ್ದರೆ ಕಣ್ಣಿಗೆ ಕಾಣುವ 5ನೆಯ ಕಪ್ಪು ಉಂಗುರದ ವ್ಯಾಸ 3.295 ಮಿ.ಮೀ., 15ನೆಯದು 5.868 ಮಿ.ಮೀ. ಬರುತ್ತದೆ. 5ನೆಯದನ್ನೊಂದನ್ನೇ ಸೂತ್ರಕ್ಕೆ ಹಾಕಿದರೆ ತರಂಗದೂರ 5429 ಆಂಗ್‌ಸ್ಟ್ರಾಮ್. 15ನೆಯದನ್ನು ಹಾಕಿದರೆ 5739. ಒಂದೇ ದೀಪಕ್ಕೆ ಎರಡು ಉತ್ತರ! ಮಸೂರ ಗಾಜನ್ನು ಸರಿಯಾಗಿ ಮುಟ್ಟಿಲ್ಲ ಎಂಬುದಕ್ಕೆ ಇದೇ ಗುರುತು.

ಈಗ ವ್ಯಾಸಗಳ ವರ್ಗ ಮಾಡಿ ಕಳೆಯಿರಿ. 34.433ರಿಂದ 10.857 ಕಳೆದರೆ 23.576. ಉಂಗುರಗಳ ವ್ಯತ್ಯಾಸ 10. ಆದ್ದರಿಂದ 4 × 10 × 1000, ಅಂದರೆ 40,000ದಿಂದ ಭಾಗಿಸಿ. 0.0005894 ಮಿ.ಮೀ., ಅಂದರೆ 5894 ಆಂಗ್‌ಸ್ಟ್ರಾಮ್ ಬರುತ್ತದೆ. ಧೂಳು ಎಲ್ಲ ಉಂಗುರಗಳಡಿಯ ಗಾಳಿಗೂ ಒಂದೇ ಪ್ರಮಾಣದ ದಪ್ಪ ಸೇರಿಸಿತ್ತು. ಕಳೆದಾಗ ಅದು ತಾನಾಗಿಯೇ ಹೋಯಿತು. ನಡುವಿನಲ್ಲಿ ಯಾವುದು ಮೊದಲ ಉಂಗುರ ಎಂಬ ಗೊಂದಲವೂ ಹೀಗೆಯೇ ಹೋಗುತ್ತದೆ. D² ಮತ್ತು n ಇವುಗಳ ನಕ್ಷೆ ಎಳೆದರೆ ಈಗಲೂ ಸರಳರೇಖೆಯೇ ಬರುತ್ತದೆ, ಆದರೆ ಮೂಲಬಿಂದುವಿನ ಮೂಲಕ ಹಾಯುವುದಿಲ್ಲ. ನಮಗೆ ಬೇಕಾದದ್ದು ಅದರ ಇಳಿಜಾರು ಮಾತ್ರ.

ಆದರೆ ಈ ಉಪಾಯ ಎಲ್ಲ ತಪ್ಪನ್ನೂ ತೊಳೆಯದು. ಅಳತೆಯ ಮಧ್ಯೆ ಮಸೂರಕ್ಕೆ ಕೈ ತಾಗಿದರೆ ಸಂದಿಯೇ ಬದಲಾಗುತ್ತದೆ. ಸೂಕ್ಷ್ಮದರ್ಶಕದ ತಿರುಪನ್ನು ಹಿಂದೆ ಮುಂದೆ ತಿರುಗಿಸಿದರೆ ಅದರ ಸಡಿಲ ಅಳತೆಗೆ ಸೇರುತ್ತದೆ. ಎಡತುದಿಯ ಉಂಗುರದಿಂದ ಬಲತುದಿಯವರೆಗೆ ಒಂದೇ ದಿಕ್ಕಿನಲ್ಲಿ ಸಾಗಬೇಕು.

ದೊಡ್ಡ ತೊಡಕು R ನದು. ಕಾಲುಗಳ ಅಂತರ 4 ಸೆಂ.ಮೀ. ಇರುವ ಗೋಳಮಾಪಕವನ್ನು ಈ ಮಸೂರದ ಮೇಲಿಟ್ಟರೆ ಉಬ್ಬಿನ ಎತ್ತರ ಸುಮಾರು 0.27 ಮಿ.ಮೀ. ಮಾತ್ರ. ಅದರಲ್ಲಿ 0.01 ಮಿ.ಮೀ. ತಪ್ಪಿದರೂ R ನಲ್ಲಿ, ಅದರಿಂದ λ ದಲ್ಲಿ, ಶೇಕಡಾ 4ರಷ್ಟು ತಪ್ಪು. ಆದ್ದರಿಂದ ಲೆಕ್ಕವನ್ನು ತಿರುಗಿಸುವುದು ಜಾಣತನ: ಸೋಡಿಯಂನ ತರಂಗದೂರ ಗೊತ್ತೇ ಇದೆ, ಅದರಿಂದ ಮೊದಲು R ಕಂಡುಹಿಡಿಯಿರಿ. ಆಮೇಲೆ ಅದೇ ಮಸೂರದಿಂದ ಬೇರೊಂದು ಏಕವರ್ಣ ಬೆಳಕಿನ ತರಂಗದೂರ ಅಳೆಯಿರಿ.

ನಿಮ್ಮ ಪ್ರಯೋಗಾಲಯದಲ್ಲೂ ನಡುವಿನ ಚುಕ್ಕೆ ಹೊಳೆದರೆ ಮಸೂರವನ್ನು ಒರೆಸಿ ನೋಡಿ. ಆಗಲೂ ಹೊಳೆದರೆ, ಕಂಡದ್ದನ್ನು ಕಂಡಂತೆಯೇ ಬರೆದುಕೊಳ್ಳಿ.